ರೇಷ್ಮೆ ಸೀರೆ ಹರಿಯುವುದು ಮಡಿಕೆಯಲ್ಲೇ: ಒಗೆತ, ಮಡಚುವಿಕೆ, ಜೋಪಾನ

ಹತ್ತು ಹದಿನೈದು ವರ್ಷ ಹಳೆಯದಾದ ಒಂದು ರೇಷ್ಮೆ ಸೀರೆಯನ್ನು ಬೀರುವಿನಿಂದ ತೆಗೆದು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ. ಜರಿ ಹೊಳೆಯುತ್ತಿರಬಹುದು, ಅಂಚು ಗಟ್ಟಿಯಾಗಿರಬಹುದು. ಆದರೆ ಒಡಲಿನ ಉದ್ದಕ್ಕೂ ಒಂದೇ ಅಂತರದಲ್ಲಿ ಬಿಳಿಚಿಕೊಂಡ ನೇರ ಗೆರೆಗಳು ಕಂಡರೆ ಆ ಸೀರೆ ಮುಂದೆ ಎಲ್ಲಿ ಹರಿಯುತ್ತದೆ ಎಂಬುದು ಆಗಲೇ ಗೊತ್ತಾದಂತೆ. ಉಟ್ಟು ಉಟ್ಟು ಸವೆದ ರೇಷ್ಮೆ ಸೀರೆಯನ್ನು ನಾನು ನೋಡಿದ್ದು ಕಡಿಮೆ. ಮಡಚಿಟ್ಟಲ್ಲೇ ಸೀಳು ಬಿಟ್ಟವೇ ಹೆಚ್ಚು. ಹಾಗಾಗಿ ಒಗೆಯುವ ಮಾತಿಗಿಂತ ಮೊದಲು ಮಡಿಕೆಯ ಮಾತನ್ನೇ ಆಡುತ್ತೇನೆ.

ಮಡಿಕೆಯಲ್ಲಿ ಏನಾಗುತ್ತದೆ

ರೇಷ್ಮೆ ಎಳೆ ತಾನಾಗಿ ಬಲವಾದದ್ದು, ಬಾಗಲು ಹೆದರುವುದಿಲ್ಲ. ತೊಂದರೆ ಶುರುವಾಗುವುದು ಒಂದೇ ಗೆರೆಯ ಮೇಲೆ ವರ್ಷಗಟ್ಟಲೆ ಭಾರ ಕೂತಾಗ. ಮೇಲಿನ ಹತ್ತು ಸೀರೆಗಳ ತೂಕಕ್ಕೆ ಮಡಿಕೆ ಚಪ್ಪಟೆಯಾಗಿ, ಹೊರಮೈಯ ಎಳೆಗಳು ಬಿಗಿಯಾಗಿ, ತೆಗೆದಾಗ ಇಟ್ಟಾಗೆಲ್ಲ ಆ ಏಣೇ ಉಜ್ಜುತ್ತದೆ. ಬಣ್ಣ ಮೊದಲು ಹೋಗುವುದು ಅಲ್ಲೇ.

ಜರಿ ಇದ್ದರೆ ಇನ್ನೊಂದು ಕಷ್ಟ. ಅಸಲಿ ಜರಿಯೆಂದರೆ ರೇಷ್ಮೆಯ ಎಳೆಗೆ ತೆಳುವಾಗಿ ತಟ್ಟಿದ ಬೆಳ್ಳಿಯ ಪಟ್ಟಿ ಸುತ್ತಿ ಅದಕ್ಕೆ ಚಿನ್ನದ ನೀರು ಕೊಟ್ಟದ್ದು. ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ. ರೇಷ್ಮೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಲೋಹ ಹಾಗಲ್ಲ. ಕಂಬಿಯನ್ನು ಒಂದೇ ಕಡೆ ಅತ್ತಿತ್ತ ಬಗ್ಗಿಸುತ್ತಿದ್ದರೆ ತುಂಡಾಗುತ್ತದಲ್ಲ, ಹಾಗೆ ಈ ಪಟ್ಟಿಯೂ ಮಡಿಕೆಯಲ್ಲಿ ಬಿರಿಯುತ್ತದೆ. ಬಿರಿದ ತುದಿ ಚೂಪು. ಪಕ್ಕದ ರೇಷ್ಮೆ ಎಳೆಯನ್ನು ಅದು ಕೊಯ್ಯುತ್ತ ಹೋಗುತ್ತದೆ. ಜರಿ ತುಂಬಿದ ಸೆರಗು ಒಡಲಿಗಿಂತ ಮೊದಲು ಸೀಳುವುದು ಇದಕ್ಕೇ.

ಮೂರನೆಯ ಕಾರಣ ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳುವಂಥದ್ದು. ಸೀರೆ ಹೊಸದರಂತೆ ಗರಿಗರಿಯಾಗಲಿ ಎಂದು ರೋಲ್ ಪಾಲಿಶ್‌ಗೆ ಕೊಡುತ್ತೇವೆ. ಹಲವು ಕಡೆ ಅದರಲ್ಲಿ ಗಂಜಿಯೋ ಅಂಟೋ ಸೇರಿರುತ್ತದೆ. ಅದು ಒಣಗಿ ಬಟ್ಟೆಯನ್ನು ಬಿರುಸು ಮಾಡುತ್ತದೆ, ಬಿರುಸಾದದ್ದು ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಗಂಜಿಯ ವಾಸನೆಗೆ ಹುಳುವೂ ಬರುತ್ತದೆ. ಮದುವೆಗೆ ಉಡುವ ವಾರ ಪಾಲಿಶ್ ಮಾಡಿಸಿದರೆ ಪರವಾಗಿಲ್ಲ. ಪಾಲಿಶ್ ಮಾಡಿಸಿ ಐದು ವರ್ಷ ಒಳಗಿಡಬೇಡಿ.

ಮಡಚುವ ಕ್ರಮ, ಲೆಕ್ಕ ಸಮೇತ

“ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ” ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಹೇಗೆ ಬದಲಿಸಬೇಕು ಎಂದು ಹೇಳುವವರು ಕಡಿಮೆ. ಹೆಚ್ಚಿನವರು ಮಾಡುವುದು ಸೀರೆಯನ್ನು ತಿರುವಿಹಾಕಿ, ಒಳಗಿದ್ದ ಮೈ ಹೊರಗೆ ಬರುವಂತೆ ಮತ್ತೆ ಅದೇ ಗೆರೆಗಳಲ್ಲಿ ಮಡಚುವುದು. ಇದರಿಂದ ಗೆರೆಯ ಜಾಗ ಬದಲಾಗುವುದಿಲ್ಲ, ಬಾಗುವ ದಿಕ್ಕು ಮಾತ್ರ ಬದಲಾಗುತ್ತದೆ. ಜರಿಯ ಮಟ್ಟಿಗೆ ಇದು ಉಪಕಾರವಲ್ಲ, ಅದೇ ಕಂಬಿಯನ್ನು ಇನ್ನೊಂದು ಕಡೆಗೆ ಬಗ್ಗಿಸಿದಂತೆ.

ಒಂದು ಸೀರೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ರವಿಕೆ ಕಣ ಕತ್ತರಿಸಿದ ಮೇಲೆ ಉದ್ದ ಐದೂವರೆ ಮೀಟರು, ಅಗಲ ಸುಮಾರು 115 ಸೆಂ.ಮೀ. ಮನೆಯಲ್ಲಿ ನಾವು ಉದ್ದವನ್ನು ಅರ್ಧ, ಮತ್ತೆ ಅರ್ಧ ಎಂದು ನಾಲ್ಕು ಸಲ ಮಡಚುತ್ತೇವೆ. ಹದಿನಾರು ಪದರ, ಒಂದೊಂದು ಪದರ 34 ಸೆಂ.ಮೀ. ಮಧ್ಯದ ಗೆರೆ ಸೆರಗಿನ ತುದಿಯಿಂದ 275 ಸೆಂ.ಮೀ. ದೂರದಲ್ಲಿ ಬೀಳುತ್ತದೆ. ಪ್ರತಿ ಸಲ ಹೀಗೇ ಮಡಚಿದರೆ ಪ್ರತಿ ಸಲ ಅಲ್ಲೇ.

ಹಾಗಾದರೆ ಮುಂದಿನ ಸಲ ಉದ್ದವನ್ನು ಮೂರು ಭಾಗ ಮಾಡಿ, ಆಮೇಲೆ ಎರಡು ಸಲ ಅರ್ಧ ಮಾಡಿದರೆ? ಹನ್ನೆರಡು ಪದರವಾಗುತ್ತದೆ, ಗೆರೆಗಳು ಬೇರೆ ಕಡೆ ಬಿದ್ದಂತೆ ಕಾಣುತ್ತದೆ. ಅಳತೆ ಪಟ್ಟಿ ಹಿಡಿದು ನೋಡಿದರೆ ಅರ್ಧದ ಗೆರೆ, ಎರಡೂ ಕಡೆಯ ಕಾಲುಭಾಗದ ಗೆರೆ, ಈ ಮೂರೂ ಹಳೆಯ ಜಾಗದಲ್ಲೇ ಇರುತ್ತವೆ. ಮೂರು ಮಡಿಕೆಯ ಉಪಾಯ ಉದ್ದಕ್ಕೆ ಪೂರ್ತಿ ಸಲ್ಲುವುದಿಲ್ಲ, ಅಗಲಕ್ಕೆ ಮಾತ್ರ ಚೆನ್ನಾಗಿ ಸಲ್ಲುತ್ತದೆ.

ಉದ್ದಕ್ಕೆ ಮಾಡಬೇಕಾದದ್ದು ಇನ್ನೂ ಸುಲಭ. ಮಡಚುವ ಮೊದಲು ಸೆರಗಿನ ತುದಿಯನ್ನು ಒಂದು ಗೇಣು ಒಳಕ್ಕೆ ಮಡಚಿಕೊಳ್ಳಿ. ಗೇಣೆಂದರೆ 20 ಸೆಂ.ಮೀ. ಅಂದುಕೊಳ್ಳೋಣ. ಉಳಿದ 5.3 ಮೀಟರನ್ನು ಯಥಾಪ್ರಕಾರ ಅರ್ಧ ಅರ್ಧ ಮಾಡುತ್ತ ಹೋಗಿ. ಈಗ ಮಧ್ಯದ ಗೆರೆ 285ನೆಯ ಸೆಂ.ಮೀ.ಗೆ ಬೀಳುತ್ತದೆ, ಹಳೆಯದಕ್ಕಿಂತ ಹತ್ತು ಸೆಂ.ಮೀ. ಆಚೆ. ಸೆರಗಿನ ಕಡೆಯ ಕಾಲುಭಾಗದ ಗೆರೆ ಹದಿನೈದು ಸೆಂ.ಮೀ. ಸರಿಯುತ್ತದೆ. ಸೊಂಟಕ್ಕೆ ಸಿಕ್ಕಿಸುವ ತುದಿಯ ಹತ್ತಿರ ಒಂದೆರಡು ಸೆಂ.ಮೀ. ಮಾತ್ರ ಸರಿಯುತ್ತದೆ, ಆದ್ದರಿಂದ ಅದರ ಮುಂದಿನ ಸಲ ಗೇಣು ಮಡಚುವುದು ಆ ತುದಿಯಲ್ಲಿ. ಮೂರನೆಯ ಸಲ ಯಾವ ತುದಿಯನ್ನೂ ಮಡಚದೆ ನೇರವಾಗಿ. ಈ ಮೂರು ಸರದಿ ಮುಗಿಯುವ ಹೊತ್ತಿಗೆ ಯಾವ ಗೆರೆಯ ಮೇಲೂ ಭಾರ ಸತತವಾಗಿ ಕೂತಿರುವುದಿಲ್ಲ.

ಇನ್ನು ಅಗಲ. ಒಂದು ಸಲ ಸರಿಯಾಗಿ ಅರ್ಧಕ್ಕೆ ಮಡಚಿ, ಮುಂದಿನ ಸಲ ಮೂರು ಪಾಲು ಮಾಡಿ: ಕೆಳಗಿನ ಅಂಚು ಒಳಕ್ಕೆ, ಮೇಲಿನ ಅಂಚು ಅದರ ಮೇಲಕ್ಕೆ. ಗೆರೆ ಅಂಚಿನ ಜರಿಯ ಮೇಲೆ ಬರದಂತೆ ಒಂದಿಷ್ಟು ಸರಿಸಿಕೊಳ್ಳಿ. ಕಾಂಚೀಪುರಂ ಬಗೆಯ ಸೀರೆಯಲ್ಲಿ ಒಡಲಿನ ಬಣ್ಣವೂ ಸೆರಗಿನ ಬಣ್ಣವೂ ಕೂಡುವ ಒಂದು ಕೀಲು ಇರುತ್ತದೆ. ಮಗ್ಗದ ಮೇಲೆ ಎಳೆಗೆ ಎಳೆ ಜೋಡಿಸಿದ ಜಾಗ ಅದು, ಮುಟ್ಟಿದರೆ ಸಣ್ಣ ಏರು ಸಿಗುತ್ತದೆ. ಯಾವ ಸರದಿಯಲ್ಲೂ ಮಡಿಕೆ ಆ ಕೀಲಿನ ಮೇಲೆ ಬೀಳಬಾರದು.

ಮಡಚುವಾಗ ಜರಿ ಒಳಗಿರಲಿ. ಕೈಯಿಂದ ಗೆರೆಯನ್ನು ಒತ್ತಿ ಉಜ್ಜಬೇಡಿ, ಮಡಚಿದ್ದನ್ನು ಇಸ್ತ್ರಿ ಮಾಡಲೇಬೇಡಿ. ಏಣು ಚೂಪಾದಷ್ಟೂ ಸೀರೆಗೆ ನಷ್ಟ. ಭಾರಿ ಸೀರೆಗೆ ಇನ್ನೊಂದು ಕೆಲಸ ಮಾಡಿ: ಹಳೆಯ ಪಂಚೆಯ ತುಂಡನ್ನು ಮೂರು ಬೆರಳು ದಪ್ಪ ಸುರುಳಿ ಸುತ್ತಿ, ಉದ್ದದ ಮೊದಲ ಅರ್ಧದ ಮಡಿಕೆಯೊಳಗೆ ಇಡಿ. ಅಗಲದ ಮಡಿಕೆಗೂ ಇನ್ನೊಂದು. ಗೆರೆ ಬೀಳುವ ಜಾಗದಲ್ಲಿ ದುಂಡನೆಯ ತಿರುವು ಉಳಿಯುತ್ತದೆ. ಮಡಚಿಟ್ಟ ಗಂಟು ದಪ್ಪವಾಗುತ್ತದೆ, ಬೀರುವಿನಲ್ಲಿ ಜಾಗ ಹೆಚ್ಚು ತಿನ್ನುತ್ತದೆ. ಹಾಗಾಗಿ ಎಲ್ಲ ಸೀರೆಗಳಿಗೂ ಇದನ್ನು ಮಾಡಿ ಎನ್ನಲಾರೆ. ಧಾರೆ ಸೀರೆಗೆ, ಅಜ್ಜಿಯಿಂದ ಬಂದದ್ದಕ್ಕೆ ಮಾಡಿ.

ಅದಕ್ಕಿಂತಲೂ ಒಳ್ಳೆಯದು ಸುತ್ತಿಡುವುದು. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ. ದಪ್ಪನೆಯದನ್ನೇ ಕೇಳಿ, ತೀರ ಸಣ್ಣದಾದರೆ ಸುತ್ತಿಯೂ ಪ್ರಯೋಜನವಿಲ್ಲ. ರಟ್ಟು ಕಾಲಕ್ರಮೇಣ ಹುಳಿ ಬಿಟ್ಟು ತಾಗಿದ ಬಟ್ಟೆಯನ್ನು ಹಳದಿ ಮಾಡುವುದರಿಂದ ಕೊಳವೆಗೆ ಮೊದಲು ಬಿಳಿ ಹತ್ತಿ ಬಟ್ಟೆ ಎರಡು ಸುತ್ತು ಸುತ್ತಿ. ಪೂರ್ತಿ ಅಗಲಕ್ಕೆ ನಾಲ್ಕಡಿಯ ಕೊಳವೆ ಬೇಕು, ಅಷ್ಟು ಉದ್ದದ ಬೀರು ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ. ಅಗಲವನ್ನು ಪಂಚೆಯ ಸುರುಳಿಯ ಮೇಲೆ ಒಂದೇ ಸಲ ಮಡಚಿಕೊಂಡು ಎರಡಡಿ ಕೊಳವೆಗೆ ಸುತ್ತಿದರೂ ಉದ್ದದ ಹದಿನೈದು ಗೆರೆಗಳು ಇಲ್ಲವಾಗುತ್ತವೆ. ಸೆರಗನ್ನು ಕೊನೆಗೆ, ಹೊರಸುತ್ತಿನಲ್ಲಿ ಬರುವಂತೆ ಸುತ್ತಿ, ಏಕೆಂದರೆ ಹೊರಸುತ್ತಿನ ತಿರುವು ದೊಡ್ಡದು.

ಹ್ಯಾಂಗರಿಗೆ ನೇತುಹಾಕುವ ಅಭ್ಯಾಸ ಹಗುರ ಸೀರೆಗೆ ಆಗಬಹುದು. ಜರಿಯ ಸೀರೆಯ ಭಾರವೆಲ್ಲ ಹ್ಯಾಂಗರಿನ ಒಂದು ಕಡ್ಡಿಯ ಮೇಲೆ ಬೀಳುತ್ತದೆ, ವರ್ಷ ಕಳೆದರೆ ಅಲ್ಲೂ ಗೆರೆ ಬೀಳುತ್ತದೆ.

ಉಟ್ಟು ಬಿಚ್ಚಿದ ಮೇಲೆ

ಮದುವೆ ಮನೆಯಿಂದ ಬಂದು ಸೀರೆ ಬಿಚ್ಚಿದ ಕೂಡಲೇ ಮಡಚುವುದು ಬೇಡ. ಬೆವರು ಕಣ್ಣಿಗೆ ಕಾಣದಿದ್ದರೂ ಕಂಕುಳು, ಸೊಂಟ, ನೆರಿಗೆಯ ಭಾಗದಲ್ಲಿ ಇರುತ್ತದೆ. ಬೆವರಿನ ಉಪ್ಪು ರೇಷ್ಮೆಯನ್ನೂ ತಿನ್ನುತ್ತದೆ, ಜರಿಯನ್ನೂ ಕಪ್ಪಾಗಿಸುತ್ತದೆ. ರಾತ್ರಿಯಿಡೀ ಫ್ಯಾನಿನ ಕೆಳಗೆ ಹರಡಿಡಿ ಅಥವಾ ಮರದ ಗಳುವಿನ ಮೇಲೆ ನೆರಳಿನಲ್ಲಿ ಇಳಿಬಿಡಿ. ಕಬ್ಬಿಣದ ತಂತಿ ಬೇಡ, ತುಕ್ಕಿನ ಕಲೆ ಹೋಗುವುದಿಲ್ಲ. ಸೆಂಟು ಹೊಡೆಯುವುದಿದ್ದರೆ ಸೀರೆ ಉಡುವ ಮೊದಲೇ ಮೈಗೆ ಹೊಡೆದುಕೊಂಡು ಒಣಗಲು ಬಿಡಿ.

ಕಲೆ ಬಿದ್ದರೆ ನೀರು ಚಿಮುಕಿಸಿ ಉಜ್ಜುವುದೇ ಎಲ್ಲರ ಮೊದಲ ಕೆಲಸ, ಅದೇ ತಪ್ಪು ಕೆಲಸ. ಒಣ ರೇಷ್ಮೆಯ ಮೇಲೆ ಬಿದ್ದ ನೀರಿನ ಹನಿ ತಾನೇ ಒಂದು ಉಂಗುರದ ಕಲೆ ಬಿಡುತ್ತದೆ, ಉಜ್ಜಿದ ಜಾಗ ಬಿಳಿಚಿಕೊಳ್ಳುತ್ತದೆ. ತುಪ್ಪ, ಎಣ್ಣೆ ಬಿದ್ದರೆ ಒಣ ಬಟ್ಟೆಯಿಂದ ಒತ್ತಿ ತೆಗೆದು ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ನಾಲ್ಕೈದು ಗಂಟೆ ಬಿಡಿ, ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಒರೆಸಿ. ಕುಂಕುಮ ಬಿದ್ದರೆ ಒಣದಾಗಿಯೇ ಕೊಡವಿ. ಸಾಂಬಾರಿನ ಅರಿಸಿನಕ್ಕೆ ಸೋಪು ತಾಗಿಸಬೇಡಿ, ಸೋಪಿನ ಕ್ಷಾರಕ್ಕೆ ಅರಿಸಿನ ಕೆಂಪಾಗುತ್ತದೆ. ಒತ್ತಿ ಒರೆಸಿ, ಮರುದಿನವೇ ಡ್ರೈಕ್ಲೀನಿಂಗ್‌ಗೆ ಕೊಟ್ಟು ಯಾವ ಕಲೆ ಎಂದು ಬಾಯಿಬಿಟ್ಟು ಹೇಳಿ.

ಯಾವುದನ್ನು ಮನೆಯಲ್ಲಿ ಒಗೆಯಬಹುದು

ಅಂಚಿನ ಬಣ್ಣ ಒಂದು, ಒಡಲಿನ ಬಣ್ಣ ಒಂದು ಆಗಿರುವ ಭಾರಿ ಜರಿಯ ಸೀರೆಯನ್ನು ಮನೆಯಲ್ಲಿ ನೀರಿಗೆ ಹಾಕಬೇಡಿ. ಕಾಂಚೀಪುರಂ, ಧರ್ಮಾವರಂ, ಮೊಳಕಾಲ್ಮೂರು ಸೀರೆಗಳಲ್ಲಿ ಹೆಚ್ಚಿನವು ಈ ಜಾತಿಗೆ ಸೇರುತ್ತವೆ. ಕೆಂಪು ಅಂಚು ಒಂದು ಸಲ ಬಣ್ಣ ಬಿಟ್ಟು ಕೆನೆ ಬಣ್ಣದ ಒಡಲಿಗೆ ಇಳಿದರೆ ಯಾರ ಕೈಯಲ್ಲೂ ಸರಿಹೋಗದು.

ಮೈಸೂರು ಸಿಲ್ಕಿನ ಕ್ರೇಪ್ ಬೇರೆಯದೇ ಕಥೆ. ಅದರ ನೂಲನ್ನು ಚೆನ್ನಾಗಿ ಹುರಿ ಮಾಡಿ ನೇಯ್ದಿರುತ್ತಾರೆ. ಆ ಹುರಿಯಿಂದಲೇ ಅದಕ್ಕೆ ಇಳಿಬೀಳುವ ಗುಣ ಬಂದದ್ದು, ಮಡಿಕೆಯ ಗುರುತು ಅದರಲ್ಲಿ ಅಷ್ಟಾಗಿ ನಿಲ್ಲದಿರುವುದೂ ಅದರಿಂದಲೇ. ಆದರೆ ನೀರು ಕಂಡರೆ ಹುರಿ ಬಿಗಿದು ಒಡಲು ಕುಗ್ಗುತ್ತದೆ. ಜರಿಯ ಅಂಚು ಅಷ್ಟು ಕುಗ್ಗುವುದಿಲ್ಲ. ಅಂಚು ಅಲೆ ಅಲೆಯಾಗಿ ಸುಕ್ಕುಗಟ್ಟುವುದು ಹೀಗೆ. ಅದಕ್ಕೂ ಡ್ರೈಕ್ಲೀನಿಂಗೇ ಸರಿ.

ಉಳಿಯುವುದು ಜರಿಯಿಲ್ಲದ ಅಥವಾ ಬೆರಳಗಲ ಅಂಚಿನ, ಒಂದೇ ಬಣ್ಣದ ಮೆತ್ತನೆಯ ರೇಷ್ಮೆ, ದಿನಬಳಕೆಯ ಹಳೆಯ ಸೀರೆಗಳು. ಇವನ್ನೂ ಬಣ್ಣ ಪರೀಕ್ಷೆ ಮಾಡದೆ ಒಗೆಯಬೇಡಿ. ಸೊಂಟಕ್ಕೆ ಸಿಕ್ಕಿಸುವ ತುದಿಯ ಒಂದು ಮೂಲೆಗೆ ಒದ್ದೆ ಬಿಳಿ ಹತ್ತಿ ಬಟ್ಟೆ ಇಟ್ಟು ಐದು ನಿಮಿಷ ಒತ್ತಿಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೆ ಬಿಡಿ. ಅಂಚಿಗೂ ಇದೇ ಪರೀಕ್ಷೆ ಬೇರೆಯಾಗಿ ಆಗಬೇಕು. ಫಾಲ್ ಹೊಲಿದ ಸೀರೆಯಾದರೆ, ಹೊಲಿಯುವ ಮೊದಲು ಫಾಲನ್ನು ನೀರಿನಲ್ಲಿ ನೆನೆಸಿದ್ದರೋ ಕೇಳಿಕೊಳ್ಳಿ. ನೆನೆಸದ ಹತ್ತಿ ಫಾಲ್ ಒಂದೇ ಒಗೆತಕ್ಕೆ ಕುಗ್ಗಿ ಸೀರೆಯ ಕೆಳಭಾಗವನ್ನು ಎಳೆದುಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಫಾಲ್ ಬಿಚ್ಚಿಯೇ ಒಗೆಯಿರಿ.

ರೇಷ್ಮೆ ಕೂದಲಿನಂತೆ ಪ್ರೋಟೀನಿನ ಎಳೆ. ಬಟ್ಟೆ ಸೋಪಿನ ಪುಡಿಯಲ್ಲಿ ಕ್ಷಾರ ಇರುತ್ತದೆ, ಹಲವು ಪುಡಿಗಳಲ್ಲಿ ಪ್ರೋಟೀನಿನ ಕಲೆ ಕರಗಿಸುವ ಕಿಣ್ವವೂ ಇರುತ್ತದೆ. ಆ ಕಿಣ್ವಕ್ಕೆ ಕಲೆ ಯಾವುದು, ಸೀರೆ ಯಾವುದು ಗೊತ್ತಾಗದು. ಬ್ಲೀಚಂತೂ ರೇಷ್ಮೆಯನ್ನು ಹಳದಿ ಮಾಡಿ ಕರಗಿಸಿಯೇ ಬಿಡುತ್ತದೆ. ಉಣ್ಣೆ, ರೇಷ್ಮೆಗೆಂದೇ ಬರುವ ದ್ರವ ಸೋಪು ಅರ್ಧ ಬಕೆಟ್ ತಣ್ಣೀರಿಗೆ ಒಂದು ಚಮಚ ಸಾಕು. ಇಲ್ಲವೇ ಅಂಟುವಾಳ: ಎಂಟ್ಹತ್ತು ಕಾಯಿಯ ಬೀಜ ತೆಗೆದು ಒಂದು ಲೀಟರ್ ಉಗುರುಬೆಚ್ಚನೆಯ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ಬೆರೆಸಿ. ಇದರ ನೀರು ಕಂದು ಬಣ್ಣದ್ದು, ಬಿಳಿ ಮತ್ತು ಕೆನೆ ಬಣ್ಣದ ಸೀರೆಗೆ ಬಳಸಬೇಡಿ.

ಸೀರೆ ಪೂರ್ತಿ ಮುಳುಗಿಸಿ ಮೂರರಿಂದ ಐದು ನಿಮಿಷ ಮೇಲೆ ಕೆಳಗೆ ಆಡಿಸಿ. ನೆನೆಹಾಕಿ ಬೇರೆ ಕೆಲಸಕ್ಕೆ ಹೋಗಬೇಡಿ. ಕುಕ್ಕುವುದು, ಬ್ರಶ್ ಹಾಕುವುದು, ಹಿಂಡುವುದು ಯಾವುದೂ ಇಲ್ಲ, ಒದ್ದೆ ರೇಷ್ಮೆಗೆ ಬಲ ಕಡಿಮೆ. ಮೂರು ಸಲ ಹೊಸ ನೀರಿನಲ್ಲಿ ಜಾಲಿಸಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಇಲ್ಲೇ ಹೊಳಪು ಹೋಗುವುದು: ಗಡಸು ನೀರಿನ ಸುಣ್ಣ ಸೋಪಿನೊಂದಿಗೆ ಸೇರಿ ತೆಳ್ಳಗೆ ಎಳೆಗೆ ಹತ್ತುತ್ತದೆ. ಕೊನೆಯ ನೀರಾದರೂ ಮಳೆನೀರೋ ಫಿಲ್ಟರ್ ನೀರೋ ಇರಲಿ. ಜರಿ ಇಲ್ಲವೇ ಇಲ್ಲ ಎಂದಾದರೆ ಆ ಕೊನೆಯ ಬಕೆಟ್ಟಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಬಹುದು. ಉಳಿದ ಕ್ಷಾರ ಹೋಗಿ ಮಿಂಚು ಮರಳುತ್ತದೆ. ಜರಿ ಇದ್ದರೆ, ಅದರಲ್ಲೂ ತಾಮ್ರದ ನಕಲಿ ಜರಿಯಾದರೆ, ವಿನೆಗರ್ ಬೇಡ.

ನೀರು ತಾನಾಗಿ ಸೋರಿದ ಮೇಲೆ ಸೀರೆಯನ್ನು ಟವೆಲ್ ಮೇಲೆ ಹರಡಿ, ಚಾಪೆಯಂತೆ ಸುತ್ತಿ, ಒತ್ತಿ ನೀರು ತೆಗೆಯಿರಿ. ದಪ್ಪ ಗಳುವಿನ ಮೇಲೆ, ನೆರಳಿನಲ್ಲಿ, ಒಳಮೈ ಹೊರಗಾಗಿ ಒಣಗಿಸಿ. ಎಲ್ಲ ಕಡೆ ಒಂದೇ ಹದದಲ್ಲಿ ಅರೆ ಒದ್ದೆ ಇರುವಾಗ ಒಳಮೈ ಮೇಲೆ ತೆಳು ಹತ್ತಿ ಬಟ್ಟೆ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಸಿಲ್ಕ್ ಗುರುತಿಗಿಟ್ಟು ಎಳೆಯಿರಿ. ಪೂರ್ತಿ ಒಣಗಿಬಿಟ್ಟರೆ ನೀರು ಚಿಮುಕಿಸದೆ, ಬಟ್ಟೆಯ ಮೇಲಿನಿಂದಲೇ ಇಸ್ತ್ರಿ ಮಾಡಿ.

ಬೀರುವಿನೊಳಗೆ

ಅಂಗಡಿಯ ಪ್ಲಾಸ್ಟಿಕ್ ಕವರು ಅಂಗಡಿಯಿಂದ ಮನೆಗೆ ತರಲಿಕ್ಕಷ್ಟೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದರೊಳಗೆ ಸಿಕ್ಕಿಬಿದ್ದ ತೇವ ಬೂಷ್ಟು ತರುತ್ತದೆ. ಗಂಜಿಯಿಲ್ಲದ, ಒಗೆದು ಮೆತ್ತಗಾದ ಹಳೆಯ ಪಂಚೆಯಲ್ಲಿ ಒಂದೊಂದು ಸೀರೆಯನ್ನೂ ಬೇರೆಬೇರೆಯಾಗಿ ಸುತ್ತಿ. ಒಂದರ ಮೇಲೊಂದು ನಾಲ್ಕಕ್ಕಿಂತ ಹೆಚ್ಚು ಬೇಡ, ಭಾರದ್ದು ಕೆಳಗಿರಲಿ. ಚಳಿದೇಶಗಳಲ್ಲಿ ಇರುವವರಿಗೆ ತೊಂದರೆ ತಿರುಗುಮುರುಗು: ಹೀಟರಿನ ಗಾಳಿಗೆ ರೇಷ್ಮೆ ತನ್ನ ತೇವ ಕಳೆದುಕೊಂಡು ಪೆಡಸಾಗುತ್ತದೆ. ಸೀರೆಯಿರುವ ಕಪಾಟು ಹೀಟರಿನಿಂದ ದೂರದ ಗೋಡೆಯಲ್ಲಿರಲಿ, ಚಳಿಗಾಲದ ನಡುವೆ ಮಡಿಕೆ ಬದಲಿಸುವ ಕೆಲಸ ಹಚ್ಚಿಕೊಳ್ಳಬೇಡಿ.

ಜರಿ ಕಪ್ಪಾಗುವುದು ಬೆಳ್ಳಿಗೆ ಗಂಧಕ ತಾಗಿದಾಗ. ರಬ್ಬರ್ ಬ್ಯಾಂಡ್ ಮತ್ತು ಉಣ್ಣೆ ಶಾಲು ರೇಷ್ಮೆಯ ಜೊತೆ ಬೇಡ. ಹಳೆಯ ದಿನಪತ್ರಿಕೆ ಹಾಸುವುದೂ ಬೇಡ, ಅದರ ಹುಳಿಯೂ ಮಸಿಯೂ ಎರಡೂ ಹತ್ತುತ್ತವೆ. ಕಪ್ಪಾದ ಜರಿಗೆ ಹುಣಸೆಹಣ್ಣು, ನಿಂಬೆ, ಪೇಸ್ಟು ಹಚ್ಚಿದರೆ ಕಪ್ಪಿನ ಜೊತೆ ಮೇಲಿನ ಚಿನ್ನವೂ ಹೋಗುತ್ತದೆ.

ಡಾಂಬರ್ ಗುಳಿಗೆ ಹಾಕಲೇಬೇಕೆಂದರೆ ಬಟ್ಟೆಯಲ್ಲಿ ಕಟ್ಟಿ ಬೀರುವಿನ ಮೂಲೆಯಲ್ಲಿಡಿ, ಸೀರೆಯ ಮಡಿಕೆಯೊಳಗೆ ಇಡಬೇಡಿ. ಚೆನ್ನಾಗಿ ಒಣಗಿದ ಬೇವಿನೆಲೆ, ಲಾವಂಚದ ಬೇರು, ಲವಂಗದ ಗಂಟು ನನ್ನ ಆಯ್ಕೆ. ಆದರೆ ಇವುಗಳ ಗುಣ ವಾಸನೆ ಇರುವಷ್ಟು ದಿನವೇ, ಹಾಗಾಗಿ ಮಡಿಕೆ ಬದಲಿಸುವಾಗ ಇವನ್ನೂ ಬದಲಿಸಿ. ಹುಳು ನಿಜವಾಗಿ ಹುಡುಕಿಕೊಂಡು ಬರುವುದು ಬೆವರು, ಊಟದ ಕಲೆ, ಗಂಜಿ ಉಳಿದ ಜಾಗವನ್ನು. ಉಟ್ಟ ಸೀರೆಯನ್ನು ಹಾಗೇ ಒಳಗಿಟ್ಟು ಬೇವಿನೆಲೆ ನಂಬಿದರೆ ಪ್ರಯೋಜನವಿಲ್ಲ.

ಮಡಿಕೆ ಬದಲಿಸಲು ವರ್ಷಕ್ಕೆ ಮೂರು ಸಲ ಸಾಕು. ಮಳೆಗಾಲ ಕಳೆದು ನವರಾತ್ರಿಯಿಂದ ದೀಪಾವಳಿಯ ನಡುವಿನ ಒಣದಿನ ಒಂದು, ಸಂಕ್ರಾಂತಿಯ ಹೊತ್ತಿಗೆ ಒಂದು, ಮುಂಗಾರು ಹಿಡಿಯುವ ಮೊದಲು ಒಂದು. ಅರ್ಧ ದಿನ ನೆರಳು ಗಾಳಿಗೆ ಹರಡಿ. ಬಿಸಿಲಿಗೆ ಬೇಡ, ಬಿಸಿಲು ಬಣ್ಣವನ್ನೂ ಎಳೆಯನ್ನೂ ಒಟ್ಟಿಗೆ ತಿನ್ನುತ್ತದೆ. ಯಾವ ಸರದಿ ಯಾವ ತುದಿ ಎಂಬುದು ಮರೆತೇ ಹೋಗುತ್ತದೆ. ಪಂಚೆಯ ಸುತ್ತಿನೊಳಗೆ ಒಂದು ಚೀಟಿಯಲ್ಲಿ “ಸಂಕ್ರಾಂತಿ, ಸೆರಗು ಗೇಣು, ಅಗಲ ಮೂರು” ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಬೇಡ.

ಆಗಲೇ ಗೆರೆ ಬಿದ್ದಿದ್ದರೆ

ಬೆಳಕಿಗೆ ಹಿಡಿದಾಗ ಗೆರೆ ಬಿಳಿಚಿದೆ, ಆದರೆ ಬೆಳಕು ತೂರುವುದಿಲ್ಲ ಎಂದಾದರೆ ಹೋಗಿರುವುದು ಬಣ್ಣ ಮಾತ್ರ. ಆ ಗೆರೆಗೆ ಇನ್ನು ಮುಂದೆ ಮಡಿಕೆ ತಾಗಿಸಬೇಡಿ, ಸೀರೆ ಉಡಲು ಅಡ್ಡಿಯಿಲ್ಲ. ಗೆರೆಯ ಉದ್ದಕ್ಕೂ ಸೂಜಿಮೊನೆಯಂತೆ ಬೆಳಕಿನ ಚುಕ್ಕಿಗಳು ಕಂಡರೆ ಎಳೆ ಪಿಸಿಯತೊಡಗಿದೆ. ಗಟ್ಟಿಯಿದೆಯೇ ಎಂದು ಎಳೆದು ನೋಡುವುದು ಬೇಡ, ಎಳೆದರೆ ಅಲ್ಲೇ ಹರಿಯುತ್ತದೆ. ಒಳಮೈಗೆ ಅದೇ ಬಣ್ಣದ ತೆಳು ನೆಟ್ ಬಟ್ಟೆಯನ್ನು ಗೆರೆಯ ಎರಡೂ ಕಡೆ ನಾಲ್ಕು ಬೆರಳು ಆಚೆಗೆ ಬರುವಂತೆ ಇಟ್ಟು, ಗಟ್ಟಿಯಿರುವ ಜಾಗದಲ್ಲಿ ಸಡಿಲ ಕೈಹೊಲಿಗೆ ಹಾಕಿಸಿ. ಬಿರಿದ ಜಾಗದ ಮೇಲೆಯೇ ಸೂಜಿ ಆಡಿಸಿದರೆ ತೂತು ಹೆಚ್ಚುತ್ತದೆ. ರಫ್ಫು ಮಾಡುವವರ ಕೈ ಚೆನ್ನಾಗಿದ್ದರೆ ಸಣ್ಣ ಸೀಳಿಗೆ ಅವರೇ ಸಾಕು.

ಬಿಚ್ಚುವಾಗಲೇ ಒಣ ಎಲೆಯಂಥ ಸದ್ದು ಬಂದು ಗೆರೆಗೆರೆಯಲ್ಲೂ ಸೀಳಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಆದರೆ ಸೀಳು ಇರುವುದು ಗೆರೆಯಲ್ಲಿ ಮಾತ್ರ. ನಾಲ್ಕು ಸಲ ಅರ್ಧ ಮಾಡಿ ಮಡಚಿದ ಸೀರೆಯಾದರೆ ಎರಡು ಗೆರೆಗಳ ನಡುವೆ ಒಂದಡಿಗಿಂತ ಸ್ವಲ್ಪ ಹೆಚ್ಚು ಗಟ್ಟಿ ಬಟ್ಟೆ ಉಳಿದಿರುತ್ತದೆ. ಅಂಚನ್ನು ಉದ್ದಕ್ಕೆ ಬಿಡಿಸಿಕೊಂಡು ಬೇರೆ ಸೀರೆಗೆ ಹಚ್ಚಬಹುದು, ಒಡಲಿನ ತುಂಡುಗಳಲ್ಲಿ ಮಗುವಿನ ಲಂಗ, ರವಿಕೆಯ ತೋಳು ಆಗುತ್ತವೆ. ಕತ್ತರಿ ಹಾಕುವ ಮೊದಲು ಜರಿಯ ಒಂದು ಎಳೆಯನ್ನು ಉಗುರಿನಿಂದ ಗೀರಿ ನೋಡಿ. ಒಳಗೆ ಕೆಂಪು ರೇಷ್ಮೆ ಎಳೆ ಕಂಡರೆ ಅಸಲಿ ಬೆಳ್ಳಿ ಜರಿ ಇರುವ ಸಂಭವ ಹೆಚ್ಚು. ಹಳೆ ಜರಿ ಕೊಳ್ಳುವವರು ಅದನ್ನು ತೂಕಕ್ಕೆ ಹಾಕಿ ಕೊಳ್ಳುತ್ತಾರೆ. ಒಬ್ಬರು ಹೇಳಿದ ಬೆಲೆಗೇ ಕೊಟ್ಟುಬಿಡದೆ ಇನ್ನೆರಡು ಕಡೆ ವಿಚಾರಿಸಿ.